ಅಮ್ಮ ಮಂಕಾಗಿದ್ದಾರೆ, ಯಾವಾಗಿನಿಂದ?

ಮನೋವೈದ್ಯಶಾಸ್ತ್ರದ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ವಯಸ್ಸಾದವರೊಬ್ಬರ ಕತೆಯನ್ನು ಎಂಟು ಹತ್ತು ಸಾಲಿನಲ್ಲಿ ಹೇಳುತ್ತಾರೆ. ಕಾಯಿಲೆ ಯಾವುದು, ಮೊದಲು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಉತ್ತರ ಹೆಚ್ಚಾಗಿ ಈ ಮೂರರಲ್ಲಿ ಒಂದು. ಮೈಯಲ್ಲಿ ಏನೋ ಕೆಟ್ಟು ಮೆದುಳು ದಿಢೀರನೆ ಗಲಿಬಿಲಿಯಾಗುವ ಡೆಲಿರಿಯಂ. ವರ್ಷಗಟ್ಟಲೆ ನಿಧಾನವಾಗಿ ಬುದ್ಧಿಶಕ್ತಿ ಸವೆಯುವ ಡಿಮೆನ್ಷಿಯಾ. ಮನಸ್ಸು ಕುಗ್ಗಿಹೋಗುವ ಡಿಪ್ರೆಶನ್. ಮೂರರಲ್ಲೂ ಮರೆವು ಇರುತ್ತದೆ. ಮೂರರಲ್ಲೂ ಮನೆಯವರು ಹೇಳುವುದು ಒಂದೇ ಮಾತು: "ಮೊದಲಿನ ಹಾಗೆ ಇಲ್ಲ ಡಾಕ್ಟ್ರೇ."

ಮಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನು ಕೊಡುವ ಪ್ರಶ್ನೆ ಇದು. ಊರು ನಮ್ಮದೇ, ಅಮ್ಮ ಮಾತ್ರ ಕಲ್ಪನೆಯವರು.

ಕಟಪಾಡಿಯ 72 ವರ್ಷದ ನಿವೃತ್ತ ಶಾಲಾ ಟೀಚರ್. ಎಂಟು ತಿಂಗಳ ಹಿಂದೆ ಗಂಡ ತೀರಿಕೊಂಡರು. ಆಮೇಲೆ ಊಟ ಕಡಿಮೆಯಾಯಿತು, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಭಜನೆಗೆ ಹೋಗುವುದು ನಿಂತಿತು. ಬಿಪಿಗೆ ಎಷ್ಟೋ ವರ್ಷದಿಂದ ಹೈಡ್ರೋಕ್ಲೋರೋಥಯಜೈಡ್ ಇರುವ ಮಾತ್ರೆ ನುಂಗುತ್ತಿದ್ದಾರೆ. ಎರಡು ವಾರದ ಹಿಂದೆ ಡಾಕ್ಟರು ಖಿನ್ನತೆಗೆ ಎಸಿಟಾಲೊಪ್ರಾಮ್ ಶುರು ಮಾಡಿದರು. ಈಗ ಮೂರು ದಿನದಿಂದ ಹಗಲೆಲ್ಲ ತೂಕಡಿಕೆ. ಮಾತಾಡಿಸಿದರೆ ಕಣ್ಣು ಬಿಟ್ಟು ಒಂದು ಶಬ್ದ ಹೇಳಿ ಮತ್ತೆ ಮುಚ್ಚುತ್ತಾರೆ. ರಾತ್ರಿ ಎದ್ದು ಕೂತು ಹೊದಿಕೆ ಎಳೆಯುತ್ತಾರೆ, ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಅನ್ನುತ್ತಾರೆ. ನಿನ್ನೆ ಬೆಳಿಗ್ಗೆ ಮಾತ್ರ ಒಂದು ಗಂಟೆ ಸರಿಯಾಗಿಯೇ ಮಾತಾಡಿದರು. ಜ್ವರ ಇಲ್ಲ. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿ ಅಂದರೆ, "ಡಿಸೆಂಬರ್, ನವೆಂಬರ್, ಡಿಸೆಂಬರ್..." ಎಂದು ಸುಮ್ಮನಾಗುತ್ತಾರೆ. ತಮ್ಮ ವಯಸ್ಸು ತಪ್ಪು ಹೇಳುತ್ತಾರೆ, ಈಗಿನ ಇಸವಿಯೂ ತಪ್ಪು.

ತರಗತಿಯಲ್ಲಿ ಮೊದಲು ಬರುವ ಉತ್ತರ: "ಸರ್, ಗಂಡ ತೀರಿಕೊಂಡಿದ್ದಾರೆ, ಡಿಪ್ರೆಶನ್ ಜಾಸ್ತಿಯಾಗಿದೆ ಅಲ್ವಾ? ಡೋಸ್ ಏರಿಸಬೇಕು." ಇನ್ನೊಬ್ಬರು ಅಲ್‌ಝೈಮರ್ ಅನ್ನುತ್ತಾರೆ. ಡೋಸ್ ಏರಿಸಿದರೆ ಈ ಅಮ್ಮನ ಜೀವಕ್ಕೇ ಅಪಾಯ.

ಪ್ರಶ್ನೆಯ ಕತೆಯಲ್ಲಿ ಗಂಡನ ಸಾವು ದೊಡ್ಡದಾಗಿ ಕಾಣುತ್ತದೆ. ನಾವು ಮನುಷ್ಯರು, ದುಃಖ ಕಂಡ ಕೂಡಲೇ ಅದೇ ಕಾರಣ ಅಂದುಕೊಳ್ಳುತ್ತೇವೆ. ಆದರೆ ಮೊದಲು ಹುಡುಕಬೇಕಾದದ್ದು ಕಾಲದ ಸಾಲು. ಇಲ್ಲಿ ಎರಡು ಕಾಲಗಳಿವೆ. ಎಂಟು ತಿಂಗಳಿನದ್ದು ಒಂದು, ಅದು ಡಿಪ್ರೆಶನ್ ಇರಬಹುದು. ಮೂರು ದಿನದ್ದು ಇನ್ನೊಂದು, ಅದು ಬೇರೆಯೇ ಕತೆ. ಡಿಪ್ರೆಶನ್ ವಾರಗಳಲ್ಲಿ ಬೆಳೆಯುತ್ತದೆ, ಡಿಮೆನ್ಷಿಯಾ ಸಾಮಾನ್ಯವಾಗಿ ವರ್ಷಗಳಲ್ಲಿ. ಗಂಟೆಗಳಲ್ಲಿ, ದಿನಗಳಲ್ಲಿ ಬಂದು, ಒಂದೇ ದಿನದೊಳಗೆ ಏರಿಳಿಯುವುದು ಡೆಲಿರಿಯಂ. ಬೆಳಿಗ್ಗೆ ಒಂದು ಗಂಟೆ ಸರಿಯಾಗಿ ಮಾತಾಡಿದ್ದನ್ನು ಕಂಡು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಪರೀಕ್ಷೆ ಬರೆಯುವವರು ಅದೇ ಸಾಲಿಗೆ ಗೆರೆ ಎಳೆಯಬೇಕು.

ಎರಡನೆಯದು ಗಮನ. ನೆನಪು ಮೂರರಲ್ಲೂ ಕೆಡುವುದರಿಂದ ಅದನ್ನು ಪರೀಕ್ಷಿಸಿ ಸಿಗುವುದು ಕಡಿಮೆ. ಡೆಲಿರಿಯಂನಲ್ಲಿ ಮೊದಲು ಕುಸಿಯುವುದು ಗಮನ. ಗಮನವೇ ನಿಲ್ಲದವರಿಗೆ ಮೂರು ಶಬ್ದ ಹೇಳಿಕೊಟ್ಟು ಐದು ನಿಮಿಷದ ಮೇಲೆ ಕೇಳುವುದು, ಕರೆಂಟ್ ಹೋಗಿರುವಾಗ ಮಿಕ್ಸಿ ಕೆಟ್ಟಿದೆಯಾ ಎಂದು ನೋಡಿದ ಹಾಗೆ. ಅದಕ್ಕೇ ತಿಂಗಳುಗಳನ್ನು ಹಿಂದಕ್ಕೆ ಹೇಳಿಸುತ್ತಾರೆ. ಪಟ್ಟಿ ಬಾಯಿಪಾಠವೇ, ಆದರೆ ತಿರುಗಿಸಿ ಹೇಳುವಾಗ ಎಲ್ಲಿದ್ದೇನೆ ಎಂಬುದನ್ನು ಹಿಡಿದಿಟ್ಟುಕೊಳ್ಳಬೇಕು. ಡೆಲಿರಿಯಂ ಇರುವವರು ದಾರಿಯಲ್ಲೇ ಕೈಬಿಡುತ್ತಾರೆ.

ಶಾಲೆಗೆ ಹೋಗದ ಅಜ್ಜಿಗೆ ಜನವರಿ, ಫೆಬ್ರವರಿ ಕೇಳುವುದು ಅನ್ಯಾಯ. ಅವರಿಗೆ ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಬಹುದು, ಅಥವಾ ಇಪ್ಪತ್ತರಿಂದ ಒಂದಕ್ಕೆ ಎಣಿಸಿ ಅನ್ನಬಹುದು. ಈಗ ಯಾವ ತಿಂಗಳು ಎಂದು ಕೇಳಿದಾಗ ಜುಲೈ ಕೊನೆಯಲ್ಲಿ ತುಳು ತಿಂಗಳ ಹೆಸರು "ಆಟಿ" ಎಂದು ಉತ್ತರ ಬಂದರೆ ಅದು ಪೂರ್ತಿ ಸರಿ. ತಪ್ಪು ಎಂದು ಗುರುತು ಹಾಕುವ ವಿದ್ಯಾರ್ಥಿಗೆ ನಮ್ಮ ಜಿಲ್ಲೆಯ ಪರಿಚಯ ಸಾಲದು.

ಇದನ್ನು ಅಂಕಗಳಲ್ಲಿ ಅಳೆಯಲು 4AT ಎಂಬ ಚಿಕ್ಕ ಪರೀಕ್ಷೆ ಇದೆ. ಹೆಚ್ಚೆಂದರೆ 12 ಅಂಕ. 4 ಅಥವಾ ಜಾಸ್ತಿ ಬಂದರೆ ಡೆಲಿರಿಯಂ ಸಂಶಯ. ನಮ್ಮ ಟೀಚರಮ್ಮನಿಗೆ ಎಷ್ಟು ಬರುತ್ತದೆ ನೋಡೋಣ. ಎಚ್ಚರ ಸ್ಪಷ್ಟವಾಗಿ ಸರಿಯಿಲ್ಲ, ಅದಕ್ಕೆ 4. ವಯಸ್ಸು, ಹುಟ್ಟಿದ ದಿನ, ಇರುವ ಜಾಗ, ಇಸವಿ ಈ ನಾಲ್ಕರಲ್ಲಿ ಎರಡು ತಪ್ಪು, ಅದಕ್ಕೆ 2. ಹಿಂದಕ್ಕೆ ಹೇಳುವಾಗ ಏಳು ತಿಂಗಳು ಮುಟ್ಟಲಿಲ್ಲ, ಅದಕ್ಕೆ 1. ದಿಢೀರ್ ಬದಲಾವಣೆ ಮತ್ತು ಏರಿಳಿತ, ಅದಕ್ಕೆ 4. ಒಟ್ಟು 11.

ಇಷ್ಟಾದರೂ ವಿದ್ಯಾರ್ಥಿಗಳು ಎಡವುವುದಕ್ಕೆ ಒಂದು ಕಾರಣವಿದೆ. ಡೆಲಿರಿಯಂ ಅಂದರೆ ಕೂಗಾಟ, ಡ್ರಿಪ್ ಕಿತ್ತು ಹಾಕುವುದು, ಹಾಸಿಗೆಯಿಂದ ಹಾರುವುದು ಎಂಬ ಚಿತ್ರ ತಲೆಯಲ್ಲಿ ಕೂತಿರುತ್ತದೆ. ವಯಸ್ಸಾದವರಲ್ಲಿ ಸದ್ದಿಲ್ಲದ ಡೆಲಿರಿಯಂ ತುಂಬಾ ಸಾಮಾನ್ಯ. ಅವರು ಯಾರಿಗೂ ತೊಂದರೆ ಕೊಡುವುದಿಲ್ಲ. ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ. ವಾರ್ಡಿನಲ್ಲಿ "ಬೇಜಾರಲ್ಲಿದ್ದಾರೆ" ಎಂದು ಬರೆದುಬಿಡುತ್ತಾರೆ, ಮನೋವೈದ್ಯರನ್ನು ಕರೆಸುವುದೂ ಡಿಪ್ರೆಶನ್ ಎಂದೇ. ನನಗೆ ಈ ಮೂರು ಕಾಯಿಲೆಗಳ ಪಾಠದಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಸದ್ದಿಲ್ಲದವರೇ.

ಡೆಲಿರಿಯಂ ಎಂದು ಬರೆದರೆ ಅರ್ಧ ಉತ್ತರ. ಯಾಕೆ ಬಂತು ಎನ್ನುವುದು ಉಳಿದರ್ಧ. ಪ್ರಶ್ನೆಯಲ್ಲಿ ಎರಡು ಮಾತ್ರೆಗಳ ಹೆಸರು ಸುಮ್ನೆ ಬಂದಿಲ್ಲ. ಎಸಿಟಾಲೊಪ್ರಾಮ್ ಜಾತಿಯ ಔಷಧ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದ ಹೆಂಗಸರಲ್ಲಿ, ನೀರನ್ನು ಮೈಯಲ್ಲೇ ಹಿಡಿದಿಡುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಇದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಕಾಣಿಸುತ್ತದೆ. ಥಯಜೈಡ್ ಮಾತ್ರೆ ಮೂತ್ರದಲ್ಲಿ ಸೋಡಿಯಂ ಕಳೆಯುತ್ತದೆ. ಎರಡೂ ಸೇರಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಆಗ ನೀರು ಮೆದುಳಿನ ಕೋಶಗಳೊಳಗೆ ಸೇರಿ ಅವು ಊದುತ್ತವೆ. ಸೋಡಿಯಂ ಸಾಮಾನ್ಯವಾಗಿ 135ರಿಂದ 145 ಇರಬೇಕು. ನಮ್ಮ ಪ್ರಶ್ನೆಯ ಅಮ್ಮನಿಗೆ 118.

ಹಾಗಾಗಿ ಮೊದಲ ಕೆಲಸ ಆಸ್ಪತ್ರೆಗೆ ಸೇರಿಸಿ ಎರಡೂ ಮಾತ್ರೆ ನಿಲ್ಲಿಸುವುದು. ಜೊತೆಗೆ ಸಕ್ಕರೆ, ಆಮ್ಲಜನಕ, ಸೋಂಕು, ಮೂತ್ರ ಕಟ್ಟಿರುವುದು, ಬಿದ್ದು ತಲೆಗೆ ಪೆಟ್ಟಾಗಿರುವುದು ಇವನ್ನೂ ನೋಡಬೇಕು. ಹಿರಿಯರಲ್ಲಿ ಕಾರಣ ಒಂದೇ ಇರಬೇಕೆಂದಿಲ್ಲ. ಜ್ವರ ಇಲ್ಲದಿದ್ದರೆ ಸೋಂಕಿಲ್ಲ ಎಂದೂ ಅಲ್ಲ. ಸೋಡಿಯಂ ಕಡಿಮೆ ಎಂದು ಗಡಿಬಿಡಿಯಲ್ಲಿ ಏರಿಸುವಂತಿಲ್ಲ. ದಿನಕ್ಕೆ 8ರಿಂದ 10ಕ್ಕಿಂತ ಜಾಸ್ತಿ ಏರಿದರೆ ಮೆದುಳುಕಾಂಡದ ನರಗಳ ಹೊದಿಕೆ ಹಾಳಾಗಬಹುದು, ಆ ಹಾನಿ ಶಾಶ್ವತವಾಗಿ ಉಳಿಯಬಹುದು. ಅದಕ್ಕೇ ಕೆಲವು ಗಂಟೆಗೊಮ್ಮೆ ರಕ್ತ ಪರೀಕ್ಷೆ.

ಈಗ ಅದೇ ಅಮ್ಮನ ಕತೆಯಲ್ಲಿ ಕೆಲವು ಸಾಲು ಬದಲಿಸೋಣ. ಮಗಳು ಮುಂಬೈಯಲ್ಲಿದ್ದಾಳೆ, ವರ್ಷದ ಮೇಲೆ ಊರಿಗೆ ಬಂದಿದ್ದಾಳೆ. "ಅಮ್ಮ ಇದ್ದಕ್ಕಿದ್ದ ಹಾಗೆ ಹೀಗಾಗಿದ್ದಾರೆ" ಅನ್ನುತ್ತಾಳೆ. ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ ಬೇರೆಯೇ ಚಿತ್ರ. ಎರಡು ವರ್ಷದಿಂದ ಸಾರಿಗೆ ಎರಡೆರಡು ಸಲ ಉಪ್ಪು, ಹಾಲಿನವನಿಗೆ ಎರಡು ಸಲ ದುಡ್ಡು, ಹೋದ ವರ್ಷ ಉಡುಪಿಯ ರಥಬೀದಿಯಲ್ಲಿ ದಾರಿ ತಪ್ಪಿದ್ದು. ಫೋನಿನಲ್ಲಿ "ಊಟ ಆಯ್ತು, ಚೆನ್ನಾಗಿದ್ದೇನೆ" ಎಂದು ಅಮ್ಮ ಸರಾಗವಾಗಿ ಹೇಳುತ್ತಿದ್ದರಿಂದ ಮಗಳಿಗೆ ಗೊತ್ತಾಗಲಿಲ್ಲ. ದಿಢೀರನೆ ಕಂಡದ್ದು ದಿಢೀರನೆ ಬಂದದ್ದಲ್ಲ. ಮಕ್ಕಳೆಲ್ಲ ಮುಂಬೈ, ಗಲ್ಫ್ ಎಂದು ಹಂಚಿಹೋಗಿರುವ ಕರಾವಳಿಯಲ್ಲಿ, ಜೊತೆಗೆ ಬಂದವರು ರೋಗಿಯ ಜೊತೆಗೇ ಬದುಕುತ್ತಿದ್ದಾರಾ ಎಂದು ಮೊದಲು ಕೇಳಬೇಕು. ಈ ಅಮ್ಮ ಪೂರ್ತಿ ಎಚ್ಚರವಾಗಿದ್ದಾರೆ. ನಿಧಾನವಾಗಿಯಾದರೂ ತಿಂಗಳುಗಳನ್ನು ಹಿಂದಕ್ಕೆ ಹೇಳುತ್ತಾರೆ. ಹೇಳಿಕೊಟ್ಟ ಮೂರು ಶಬ್ದ ಮಾತ್ರ ಸುಳಿವು ಕೊಟ್ಟರೂ ನೆನಪಿಲ್ಲ. ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳುತ್ತಾರೆ, "ನನಗೇನೂ ಆಗಿಲ್ಲ" ಅನ್ನುತ್ತಾರೆ. ಇದು ಡಿಮೆನ್ಷಿಯಾ.

ಇನ್ನೊಮ್ಮೆ ಬದಲಿಸೋಣ. ನಾಲ್ಕು ತಿಂಗಳಿನ ಕತೆ. ಈ ಸಲ ಮರೆವಿನ ಬಗ್ಗೆ ದೂರುವುದು ಅಮ್ಮನೇ: "ನನ್ನ ತಲೆ ಮುಗಿದುಹೋಯಿತು ಮಗಾ, ಯಾರಿಗೂ ಬೇಡದವಳಾದೆ." ಏನು ಕೇಳಿದರೂ "ಗೊತ್ತಿಲ್ಲ." ಆದರೆ ಅವಸರ ಮಾಡದೆ ಕಾದು, ಸುಳಿವು ಕೊಟ್ಟರೆ ಸರಿಯಾದ ಉತ್ತರ ಬರುತ್ತದೆ. ತೂಕ ಇಳಿದಿದೆ. ಬೆಳಿಗ್ಗೆ ಅತಿ ಕಷ್ಟ, ಸಂಜೆ ಸ್ವಲ್ಪ ಹಗುರ. ಇದು ಡಿಪ್ರೆಶನ್. ಇಂಥ ಮರೆವಿಗೆ ಹಿಂದೆ ಹುಸಿ ಡಿಮೆನ್ಷಿಯಾ ಎಂದು ಹೆಸರಿತ್ತು. ಆ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಇವರಲ್ಲಿ ಕೆಲವರಿಗೆ ಮುಂದೆ ನಿಜವಾದ ಡಿಮೆನ್ಷಿಯಾ ಬರುತ್ತದೆ, ಹಾಗಾಗಿ ಖಿನ್ನತೆ ವಾಸಿಯಾದ ಮೇಲೂ ನೋಡುತ್ತಿರಬೇಕು.

ಗುರುತುಗಳನ್ನೆಲ್ಲ ಮೀರುವ ಒಂದು ಕಾಯಿಲೆ ಇದೆ, ಲೆವಿ ಬಾಡಿ ಡಿಮೆನ್ಷಿಯಾ. ಅದರಲ್ಲೂ ಏರಿಳಿತ ಇದೆ, ಇಲ್ಲದ ಜನ ಕಾಣಿಸುತ್ತಾರೆ. ಆದರೆ ಅದು ತಿಂಗಳುಗಳಿಂದ ನಡೆದಿರುತ್ತದೆ, ಜೊತೆಗೆ ಹೆಚ್ಚಾಗಿ ಪಾರ್ಕಿನ್ಸನ್ ಥರದ ಬಿಗಿತ, ನಿಧಾನ ನಡಿಗೆ ಸೇರಿರುತ್ತದೆ. ಇವರಿಗೆ ಭ್ರಮೆ, ಗಲಾಟೆ ತಗ್ಗಿಸುವ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಪ್ರಾಣಕ್ಕೇ ಕುತ್ತು ಬರಬಹುದು.

ಮೊದಲ ಪ್ರಶ್ನೆಗೆ ಒಂದು ಎರಡನೇ ಭಾಗವೂ ಇದೆ. ಅಮ್ಮನ ಸೋಡಿಯಂ 136ಕ್ಕೆ ಬಂದಿದೆ. ತೂಕಡಿಕೆ ಹೋಗಿದೆ. ಒಂದು ತಿಂಗಳ ನಂತರ ನೋಡಿದರೆ ಮರೆವು ಇನ್ನೂ ಇದೆ. ಈಗ ಡಿಮೆನ್ಷಿಯಾ ಎಂದು ಬರೆಯಬಹುದೇ? ಅವಸರ ಬೇಡ. ಡೆಲಿರಿಯಂ ಇರುವಾಗ ಡಿಮೆನ್ಷಿಯಾ ತೀರ್ಮಾನ ಮಾಡುವಂತಿಲ್ಲ, ಮತ್ತು ಡೆಲಿರಿಯಂನ ನೆರಳು ಕೆಲವರಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಎಂಟು ತಿಂಗಳ ಖಿನ್ನತೆಗೂ ಇನ್ನೂ ಚಿಕಿತ್ಸೆ ಆಗಿಲ್ಲ. ಅದಕ್ಕೆ ಸೋಡಿಯಂ ಇಳಿಸುವ ಅಪಾಯ ಕಡಿಮೆ ಇರುವ ಮಿರ್ಟಝಪಿನ್‌ನಂಥ ಔಷಧ ಕೊಟ್ಟು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಬಿಪಿ ಮಾತ್ರೆಯನ್ನೂ ಬದಲಿಸಬೇಕು. ಪಕ್ಕದ ಮನೆಯ ಅಕ್ಕನನ್ನು ಕರೆದು, ಗಂಡ ತೀರಿಕೊಳ್ಳುವ ಮೊದಲು ಬ್ಯಾಂಕು, ಅಡುಗೆ, ಲೆಕ್ಕ ಎಲ್ಲ ಅಮ್ಮನೇ ನೋಡಿಕೊಳ್ಳುತ್ತಿದ್ದರಾ ಎಂದು ಕೇಳಬೇಕು. ಹೌದು ಅಂದರೆ ಇನ್ನು ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ಹೆಸರು ಬರೆಯಬೇಕು. "ಇಲ್ಲ, ಆಗಲೇ ಗಂಡನೇ ಎಲ್ಲ ಮಾಡುತ್ತಿದ್ದರು, ಇವರಿಗೆ ತಿಳಿಯುತ್ತಿರಲಿಲ್ಲ" ಎಂದು ಅಕ್ಕ ಹೇಳಿದರೆ, ಡಿಮೆನ್ಷಿಯಾ ಆಗಲೇ ಆ ಮನೆಯಲ್ಲಿ ಇದ್ದಿರಬಹುದು. ಗಂಡ ಇದ್ದಷ್ಟು ದಿನ ಅದು ಯಾರಿಗೂ ಕಾಣಿಸಿರಲಿಕ್ಕಿಲ್ಲ.