ವರ್ಷಕ್ಕೆ ಏಳು ಕ್ಲಿಕ್

ಒಂದು ಜೂನ್ 30ರ ರಾತ್ರಿ, ಹನ್ನೊಂದು ಗಂಟೆ. ಅಪ್ಪನ ಹಳೇ ಆಟೊಮ್ಯಾಟಿಕ್ ವಾಚು ನನ್ನ ಕೈಯಲ್ಲಿತ್ತು. ಈಗಲೇ ತಾರೀಖನ್ನು 31ಕ್ಕೆ ತಳ್ಳಿಬಿಟ್ಟರೆ ಮಧ್ಯರಾತ್ರಿ ತಾನೇ 1 ಆಗುತ್ತೆ, ಬೆಳಿಗ್ಗೆ ತಲೆಬಿಸಿ ಇರಲ್ಲ ಅಂತ ನನ್ನ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು, ಹೊತ್ತು ತಪ್ಪಾಗಿತ್ತು. ಕೀ ಎಳೆದು ತಿರುಗಿಸಿದೆ. ಸಲೀಸಾಗಿ ತಿರುಗಬೇಕಾದದ್ದು ಕಲ್ಲು ಸಿಕ್ಕಿದ ಅಕ್ಕಿ ಅಗಿದ ಹಾಗೆ ಕರಕ್ ಅಂದಿತು. ಮಾರನೇ ದಿನದಿಂದ ತಾರೀಖು ಬದಲಾಗಲೇ ಇಲ್ಲ. ರಿಪೇರಿಯವರು ವಾಚು ಬಿಚ್ಚಿ, ಚಿಮಟದ ತುದಿಯಲ್ಲಿ ಒಂದು ಚೂರು ಎತ್ತಿ ತೋರಿಸಿದರು. ಸಾಸಿವೆಗಿಂತ ಚಿಕ್ಕದು. “ಇದೇ ನೋಡಿ ಬೆರಳು, ಮುರಿದಿದೀರ” ಅಂದರು.

ಆ ಬೆರಳಿನ ಕಥೆಯೇ ಈ ಲೇಖನ.

ಜುಲೈ 1ರಂದು ವಾಚು 31 ತೋರಿಸಿದರೆ ಎಷ್ಟೋ ಜನ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಮಾಮೂಲಿ ವಾಚಿಗೆ ತಿಂಗಳು ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಮಧ್ಯರಾತ್ರಿಗಳನ್ನು ಎಣಿಸುತ್ತದೆ, 31 ಆದಮೇಲೆ ಮತ್ತೆ 1ರಿಂದ ಶುರು ಮಾಡುತ್ತದೆ, ಅಷ್ಟೇ. ಅದರ ಪಾಲಿಗೆ ವರ್ಷಕ್ಕೆ 12 ಸಲ 31, ಅಂದರೆ 372 ದಿನ. ನಮ್ಮದು 365. ಉಳಿದ 7 ದಿನವನ್ನು ನಾವೇ ಕೈಯಾರೆ ದಾಟಿಸಬೇಕು. ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ ಒಂದೊಂದು ಕ್ಲಿಕ್. ಫೆಬ್ರವರಿ ಮುಗಿದಾಗ ಮೂರು, ಅಧಿಕ ವರ್ಷವಾದರೆ ಎರಡು. ಎಚ್‌ಎಂಟಿ ಜನತಾ ಕಟ್ಟಿದವರಿಗೆ ಈ ಗೋಳೇ ಇರಲಿಲ್ಲ ಬಿಡಿ, ಅದರಲ್ಲಿ ತಾರೀಖೇ ಇಲ್ಲ.

ಈಗ ಒಳಗೆ ಇಣುಕೋಣ. ಡಯಲ್‌ನ ಅಡಿಯಲ್ಲಿ ಬಳೆಯಂಥದ್ದೊಂದು ತೆಳು ತಗಡು ಇರುತ್ತದೆ. ಅದರ ಮೇಲೆ 1ರಿಂದ 31ರವರೆಗೆ ಅಂಕಿ, ಒಳ ಅಂಚಿನಲ್ಲಿ 31 ಹಲ್ಲು. ಕಿಟಕಿಯಲ್ಲಿ ನಮಗೆ ಕಾಣುವುದು ಈ ಬಳೆಯ ಒಂದು ತುಣುಕು ಮಾತ್ರ. ಗಂಟೆ ಮುಳ್ಳಿನ ಚಕ್ರ 12 ಗಂಟೆಗೆ ಒಂದು ಸುತ್ತು ಬರುತ್ತದೆ. ಅದರಿಂದ ತಿರುಗುವ ಇನ್ನೊಂದು ಚಕ್ರ ಅದರ ಅರ್ಧ ವೇಗದಲ್ಲಿ, 24 ಗಂಟೆಗೆ ಒಂದು ಸುತ್ತು. ಆ ಚಕ್ರಕ್ಕೆ ಅಂಟಿಕೊಂಡಿರುವುದೇ ಬೆರಳು. ದಿನಕ್ಕೊಮ್ಮೆ ಅದು ಬಳೆಯ ಹತ್ತಿರ ಬಂದು ಒಂದು ಹಲ್ಲನ್ನು ತಳ್ಳಿ ಹೋಗುತ್ತದೆ, ಹಾಲಿನವನು ದಿನಾ ಬಂದು ಒಂದೇ ಒಂದು ಪ್ಯಾಕೆಟ್ ಇಟ್ಟು ಹೋದ ಹಾಗೆ.

ಆದರೆ ಹಾಲಿನವನಂತೆ ಅವಸರದವನಲ್ಲ ಈತ. ಬೆರಳು ಬಹಳ ನಿಧಾನ. ಬಳೆ ಅಲುಗಾಡದಿರಲಿ ಅಂತ ಒಂದು ಸಣ್ಣ ಸ್ಪ್ರಿಂಗ್ ತನ್ನ ಚೂಪು ಮೂಗನ್ನು ಎರಡು ಹಲ್ಲುಗಳ ಸಂದಿಗೆ ತೂರಿಸಿಕೊಂಡು ಕೂತಿರುತ್ತದೆ. ಬೆರಳು ತಳ್ಳಿದಂತೆ ಆ ಮೂಗು ಹಲ್ಲಿನ ಏರು ಹತ್ತಬೇಕು. ರೋಡ್ ಹಂಪ್ ನೆನಪಿಸಿಕೊಳ್ಳಿ. ಕೆಟ್ಟುನಿಂತ ಕಾರನ್ನು ಹಂಪ್ ಹತ್ತಿಸುವಾಗ ನಾಲ್ಕು ಜನ ಏದುಸಿರು ಬಿಡಬೇಕು, ತುದಿ ಮುಟ್ಟಿದ ಮೇಲೆ ಅದು ತಾನೇ ಉರುಳುತ್ತದೆ. ತಾರೀಖು ಟಕ್ ಅಂತ ಬೀಳುವುದು ಆ ಉರುಳುವಿಕೆ. ಏದುಸಿರಿನ ಭಾಗ ಅದಕ್ಕೂ ಮುಂಚೆ ಎಷ್ಟೋ ಹೊತ್ತು ನಡೆದಿರುತ್ತದೆ. ರಾತ್ರಿ ಹನ್ನೊಂದೂವರೆಗೆ ಕಿಟಕಿಯಲ್ಲಿ ಅಂಕಿ ಅರ್ಧ ಜಾರಿ ನಿಂತಿದ್ದರೆ ಗಾಬರಿ ಬೇಡ, ಕಾರು ಹಂಪ್ ಮೇಲಿದೆ.

ಹೆಚ್ಚಿನ ವಾಚುಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಬೆರಳು ಹಲ್ಲುಗಳ ನಡುವೆ ಇರುತ್ತದೆ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಆ ಹೊತ್ತಲ್ಲಿ ಕೀಯಿಂದ ಬಳೆಯನ್ನು ತಿರುಗಿಸಿದರೆ ಹಿಂದಿನ ಹಲ್ಲು ಬಂದು ಬೆರಳಿನ ಬೆನ್ನಿಗೆ ಗುದ್ದುತ್ತದೆ. ಬಾಗಿಲ ಸಂದಿಯಲ್ಲಿ ಮಗು ಬೆರಳಿಟ್ಟಿರುವಾಗ ಬಾಗಿಲು ಹಾಕಿದ ಹಾಗೆ. ನಾನು ಮಾಡಿದ್ದು ಅದೇ. ಯಾವಾಗ ಬೇಕಾದರೂ ತಿರುಗಿಸಬಹುದಾದ ವಾಚುಗಳೂ ಈಗ ಇವೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಹಗಲಲ್ಲೇ ತಿರುಗಿಸಿ.

2026ರ ಮಾರ್ಚ್ 1, ಭಾನುವಾರ, ಬೆಳಿಗ್ಗೆ ಏಳೂವರೆ ಅಂತ ಇಟ್ಟುಕೊಳ್ಳಿ. ವಾಚು ಓಡುತ್ತಿದೆ, ಆದರೆ 29 ತೋರಿಸುತ್ತಿದೆ. ಕೀಯನ್ನು ಒಂದೇ ಹಂತ ಹೊರಗೆಳೆಯಿರಿ. ಈ ಹಂತದಲ್ಲಿ ಮುಳ್ಳು ಅಲುಗುವುದಿಲ್ಲ, ವಾಚು ನಿಲ್ಲುವುದೂ ಇಲ್ಲ. ವಾರವೂ ಇರುವ ವಾಚಾದರೆ ಒಂದು ಕಡೆ ತಿರುಗಿಸಿದರೆ ತಾರೀಖು, ಇನ್ನೊಂದು ಕಡೆ ತಿರುಗಿಸಿದರೆ ವಾರ. 30, 31, 1. ಮೂರು ಕ್ಲಿಕ್. ಕೀ ಒಳಗೆ ಒತ್ತಿ. ಮುಗಿಯಿತು.

ವಾಚು ನಿಂತುಹೋಗಿದ್ದರೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಡ್ರಾಯರ್‌ನಿಂದ ತೆಗೆದಾಗ ಮುಳ್ಳು 4:20ರಲ್ಲಿದೆ. ಅದು ಸಂಜೆಯದೋ ಬೆಳಗಿನ ಜಾವದ್ದೋ ಮುಳ್ಳು ನೋಡಿದರೆ ತಿಳಿಯದು. ಹಾಗಾಗಿ ಮೊದಲು ಕೀಯನ್ನು ಪೂರ್ತಿ ಎಳೆದು, ತಾರೀಖು ಬೀಳುವವರೆಗೂ ಮುಳ್ಳನ್ನು ಮುಂದಕ್ಕೆ ತಿರುಗಿಸಿ. ಬಿದ್ದದ್ದೇ ಮಧ್ಯರಾತ್ರಿ. ಅಲ್ಲಿಂದ 6ಕ್ಕೆ ತನ್ನಿ, ಈಗ ಬೆರಳು ಹಲ್ಲುಗಳಿಂದ ದೂರ ಇದೆ. ಕೀಯನ್ನು ಮೊದಲ ಹಂತಕ್ಕೆ ತಳ್ಳಿ ನಿನ್ನೆಯ ತಾರೀಖು, ನಿನ್ನೆಯ ವಾರ ಇಡಿ. ಮತ್ತೆ ಪೂರ್ತಿ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸಿ. ಮೊದಲ ಸಲ 12 ದಾಟಿದಾಗ ಏನೂ ಆಗದು, ಅದು ಮಧ್ಯಾಹ್ನ. ಎರಡನೇ ಸಲ ದಾಟಿದಾಗ ತಾರೀಖು ಬೀಳುತ್ತದೆ. ಏಳೂವರೆಗೆ ತಂದು ನಿಲ್ಲಿಸಿ.

ಇಲ್ಲೊಂದು ಹಳ್ಳ ಇದೆ. ನಿನ್ನೆಯ ತಾರೀಖು 28 ತಾನೇ ಅಂತ 28 ಇಟ್ಟರೆ ಕೆಟ್ಟಿರಿ, ಮಧ್ಯರಾತ್ರಿ ದಾಟಿದಾಗ 29 ಬರುತ್ತದೆ. ತಿಂಗಳ ಮೊದಲ ದಿನ ಸರಿಪಡಿಸುವಾಗ ವಾಚಿನ ಪಾಲಿಗೆ ನಿನ್ನೆ ಯಾವಾಗಲೂ 31.

ತಾರೀಖನ್ನು ಬೇರೆಯಾಗಿ ತಿರುಗಿಸುವ ಸೌಲಭ್ಯವೇ ಇಲ್ಲದ ಹಳೇ ವಾಚುಗಳಲ್ಲಿ ಮುಳ್ಳಿನಿಂದಲೇ ಕೆಲಸ ಮಾಡಬೇಕು. ಮಧ್ಯರಾತ್ರಿ ದಾಟಿಸಿ 1ಕ್ಕೆ, ಅಲ್ಲಿಂದ ಹಿಂದಕ್ಕೆ 8ರ ಆಸುಪಾಸಿಗೆ, ಮತ್ತೆ ಮುಂದಕ್ಕೆ. ಒಂದು ಓಡಾಟಕ್ಕೆ ಒಂದು ತಾರೀಖು. ಮುಳ್ಳು ಹಿಂದಕ್ಕೆ ತಿರುಗಿಸಿದರೆ ಅಪಶಕುನ ಅನ್ನುವವರಿದ್ದಾರೆ. ಶಕುನದ ಮಾತು ಸುಮ್ನೆ. ನಿಜವಾದ ಪ್ರಶ್ನೆ ನಿಮ್ಮ ವಾಚಿನ ಬೆರಳು ಹಿಂದಕ್ಕೆ ಬರುವಾಗ ಬಾಗಿ ಜಾರುತ್ತದೋ ಇಲ್ಲವೋ ಅನ್ನುವುದು. ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಇಡೀ 24 ಗಂಟೆ ಮುಂದಕ್ಕೇ ಸುತ್ತಿಸಿ.

ಶಕುನ ಅಂದೆ ಅಲ್ವಾ, ಈ ಏಳು ಕ್ಲಿಕ್‌ನ ಹಿಂದೆ ನಿಜವಾಗಿಯೂ ಒಂದು ಮೂಢನಂಬಿಕೆ ಇದೆ. ಅಗಸ್ಟಸ್ ಚಕ್ರವರ್ತಿ ತನ್ನ ತಿಂಗಳಿಗೂ 31 ಇರಲಿ ಅಂತ ಫೆಬ್ರವರಿಯಿಂದ ಒಂದು ದಿನ ಕದ್ದ ಅನ್ನುವ ಕಥೆ ಕೇಳಿರುತ್ತೀರಿ. ಸುಳ್ಳು. 13ನೇ ಶತಮಾನದ ಸಾಕ್ರೊಬಾಸ್ಕೊ ಎಂಬ ಪಂಡಿತ ಬರೆದದ್ದು ಅದು, ಅವನಿಗಿಂತ ಎಷ್ಟೋ ಹಿಂದಿನ ರೋಮನ್ ಗೋಡೆ ಕ್ಯಾಲೆಂಡರೇ ಬೇರೆ ಕಥೆ ಹೇಳುತ್ತದೆ. ಹಳೇ ರೋಮನ್ನರಿಗೆ ಸರಿ ಸಂಖ್ಯೆ ಅಂದರೆ ಆಗುತ್ತಿರಲಿಲ್ಲ. ಮದುವೆ ಮುಯ್ಯಿಗೆ ನಾವು 500 ಕೊಡದೆ 501 ಕೊಡುತ್ತೇವಲ್ಲ, ಅದೇ ರೋಗ. ಹಾಗಾಗಿ ನಾಲ್ಕು ತಿಂಗಳಿಗೆ 31, ಏಳು ತಿಂಗಳಿಗೆ 29. ಸತ್ತವರಿಗೆ ಎಡೆ ಇಡುವ ಫೆಬ್ರವರಿಗೆ ಮಾತ್ರ ಸರಿ ಸಂಖ್ಯೆ 28 ಬಿಟ್ಟರು. ಒಟ್ಟು 355.

ಜೂಲಿಯಸ್ ಸೀಸರ್ ಕ್ರಿ.ಪೂ. 45ರಿಂದ ವರ್ಷವನ್ನು 365 ದಿನಕ್ಕೆ ಏರಿಸಿದಾಗ ಅವನ ಕೈಯಲ್ಲಿ ಹಂಚಲು 10 ದಿನ ಇತ್ತು. ಜನವರಿ, ಆಗಸ್ಟ್, ಡಿಸೆಂಬರ್‌ಗೆ ಎರಡೆರಡು ಕೊಟ್ಟ, ಅವು 31 ಆದವು. ಉಳಿದ ನಾಲ್ಕನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್‌ಗೆ ಒಂದೊಂದು ಕೊಟ್ಟ, ಅವು 30ಕ್ಕೆ ನಿಂತವು. ನಾವು ಒಂದೊಂದು ಕ್ಲಿಕ್ ಕೊಡುವುದು ಇವೇ ನಾಲ್ಕಕ್ಕೆ. ಪಿತೃಗಳ ತಿಂಗಳನ್ನು ಮುಟ್ಟುವುದು ಬೇಡ ಅಂತ ಫೆಬ್ರವರಿಗೆ ಏನೂ ಸೇರಿಸಲಿಲ್ಲ. ಮಾರ್ಚ್ 1ರ ಬೆಳಿಗ್ಗೆ ಮೂರು ಕ್ಲಿಕ್ ಬೇಕಾಗುವುದು ಅದಕ್ಕೇ.