ಇಂದ್ರನ ವಜ್ರ, ಥಾರ್‌ನ ಸುತ್ತಿಗೆ: ಯಾರು ಯಾರಿಂದ ಕದ್ದರು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ. ಮೇ ತಿಂಗಳಲ್ಲಿ ಗುಡುಗು ಶುರುವಾದರೆ ನಮ್ಮಜ್ಜಿ ಈಗಲೂ ‘ಅರ್ಜುನ, ಫಲ್ಗುಣ’ ಅಂತ ಹೇಳುತ್ತಾರೆ. ಮೊಮ್ಮಕ್ಕಳು ಥಾರ್ ಅಂತಾರೆ. ಇಂದ್ರ, ಥಾರ್, ಜೀಯಸ್ ಎಲ್ಲರ ಕೈಯಲ್ಲೂ ಸಿಡಿಲು, ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ಇಷ್ಟು ದೂರ ದೂರದ ಜನ ಒಂದೇ ತರಹದ ದೇವರನ್ನು ಹೇಗೆ ಕಂಡರು? ಒಬ್ಬರಿಂದ ಒಬ್ಬರು ಕದ್ದರಾ?

ಕೆಲವರು ಕದ್ದರು, ಕೆಲವರು ನೆಂಟರು, ಇನ್ನು ಕೆಲವರಿಗೆ ಒಬ್ಬರ ಗುರುತು ಒಬ್ಬರಿಗೆ ಇರಲೇ ಇಲ್ಲ. ಯಾರು ಯಾವ ಗುಂಪು ಅಂತ ಕಂಡುಹಿಡಿಯುವುದರಲ್ಲೇ ಮಜಾ ಇರುವುದು.

ನಮ್ಮವನಿಂದಲೇ ಶುರು ಮಾಡೋಣ. ಋಗ್ವೇದದ ಒಂದನೇ ಮಂಡಲದ 32ನೇ ಸೂಕ್ತದಲ್ಲಿ ಇಂದ್ರನ ದೊಡ್ಡ ಕೆಲಸ ಇದೆ. ವೃತ್ರ ಅನ್ನುವ ಹಾವು ನೀರನ್ನೆಲ್ಲ ತಡೆದು ಬೆಟ್ಟದ ಮೇಲೆ ಮಲಗಿದೆ. ದೇವತೆಗಳ ಕುಶಲಕರ್ಮಿ ತ್ವಷ್ಟೃ ಇಂದ್ರನಿಗೆ ವಜ್ರ ಮಾಡಿಕೊಡುತ್ತಾನೆ. ಇಂದ್ರ ಸೋಮ ಕುಡಿದು ಬಂದು ಹಾವನ್ನು ಹೊಡೆಯುತ್ತಾನೆ. ಆಗ ನೀರು ಕರುವಿಗಾಗಿ ಕೂಗುತ್ತಾ ಓಡುವ ಹಸುಗಳ ಹಾಗೆ ಹರಿಯಿತು ಅನ್ನುತ್ತದೆ ಸೂಕ್ತ. ಕೆರೆ ಬತ್ತಿ ವರ್ಷಗಟ್ಟಲೆ ಆಕಾಶ ನೋಡಿದ ನಮ್ಮ ಕಡೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ಉತ್ತರ ಯುರೋಪಿನ ಥಾರ್. ಅವನ ಸುತ್ತಿಗೆಯನ್ನೂ ಮಾಡಿಕೊಟ್ಟವರು ಬೇರೆಯವರೇ, ಕುಬ್ಜ ಕಮ್ಮಾರರು. ತಿದಿ ಒತ್ತುತ್ತಿದ್ದವನ ರೆಪ್ಪೆಯನ್ನು ನೊಣದ ರೂಪದಲ್ಲಿ ಬಂದ ತಂಟೆಕೋರ ದೇವರು ಲೋಕಿ ಕಚ್ಚಿದ. ಒಂದು ಗಳಿಗೆ ತಿದಿ ನಿಂತಿತು, ಸುತ್ತಿಗೆಯ ಹಿಡಿ ಗಿಡ್ಡವಾಗಿ ಹೋಯಿತು. ಥಾರ್‌ಗೂ ದೊಡ್ಡ ಶತ್ರು ಒಂದು ಹಾವೇ, ಲೋಕವನ್ನೆಲ್ಲ ಸುತ್ತಿಕೊಂಡು ಸಮುದ್ರದಲ್ಲಿ ಮಲಗಿರುವ ಹಾವು. ಇನ್ನು ಹೊಟ್ಟೆಯ ವಿಷಯ. ಕಳುವಾದ ಸುತ್ತಿಗೆಯನ್ನು ವಾಪಸ್ ತರಲು ಅವನು ಮದುಮಗಳ ವೇಷದಲ್ಲಿ ರಾಕ್ಷಸನ ಮನೆಗೆ ಹೋಗುತ್ತಾನೆ. ಮದುವೆ ಊಟಕ್ಕೆ ಕೂತು ಒಂದು ಇಡೀ ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ದೊಡ್ಡ ಅಳತೆ ಜೇನಿನ ಮದ್ಯ ಕುಡಿಯುತ್ತಾನೆ. ಹೆಣ್ಣಿನ ಊಟ ನೋಡಿ ಮದುಮಗ ಕಂಗಾಲು. ಋಗ್ವೇದದಲ್ಲೂ ಒಂದು ಕಡೆ (5.29) ವೃತ್ರನನ್ನು ಕೊಲ್ಲುವ ಮುಂಚೆ ಇಂದ್ರನಿಗೆ ಮುನ್ನೂರು ಕೋಣ ಬೇಯಿಸುತ್ತಾರೆ, ಅವನು ಮೂರು ಸರೋವರ ಸೋಮ ಕುಡಿಯುತ್ತಾನೆ.

ಇವರಿಬ್ಬರೂ ನೆಂಟರು ಅನ್ನುವುದಕ್ಕೆ ಆಧಾರ ಏನು? ಸಂಸ್ಕೃತ ಮತ್ತು ಉತ್ತರ ಯುರೋಪಿನ ಹಳೆಯ ಭಾಷೆಗಳು ಒಂದೇ ಮನೆಯಿಂದ ಬೇರೆಯಾದ ಅಣ್ಣತಮ್ಮಂದಿರು. ಕಥೆಯೂ ಭಾಷೆಯ ಜೊತೆಗೇ ಪಾಲಾಗಿ ಹೋಗಿರಬೇಕು ಅನ್ನುವುದು ವಿದ್ವಾಂಸರ ಊಹೆ. ಇದಕ್ಕೆ ಬಲ ಕೊಡುವ ಒಂದು ಪದ ಸಿಗುವುದು ಟರ್ಕಿಯಲ್ಲಿ. ಪ್ರಾಚೀನ ಕಾಲದಲ್ಲಿ ಅಲ್ಲಿದ್ದ ಹಿಟ್ಟೈಟ್ ಜನರ ಭಾಷೆಯೂ ಅದೇ ಮನೆಯದು. ಅವರ ಮಣ್ಣಿನ ಫಲಕಗಳಲ್ಲೂ ಬಿರುಗಾಳಿಯ ದೇವರು ಇಲ್ಲುಯಂಕ ಎಂಬ ಹಾವನ್ನು ಕೊಲ್ಲುತ್ತಾನೆ. ‘ಕೊಂದ’ ಅನ್ನುವುದಕ್ಕೆ ಅಲ್ಲಿರುವ ಮಾತು ‘ಕುಎಂತ’. ವೇದದ ‘ಹನ್’, ನಾವು ದಿನಾ ಬಳಸುವ ಹತ್ಯೆ, ಹತ, ಇವಕ್ಕೂ ಅದಕ್ಕೂ ಬೇರು ಒಂದೇ. ಬರೀ ಹಾವು ಕೊಲ್ಲುವ ಕಥೆ ಇದ್ದರೆ ಸಾಲದು, ಅದು ಎಲ್ಲೆಲ್ಲೂ ಇದೆ. ಪದ, ಕಥೆ ಎರಡೂ ಒಟ್ಟಿಗೆ ಸಿಕ್ಕಿದರೆ ನೆಂಟಸ್ತನದ ಅನುಮಾನ ಗಟ್ಟಿಯಾಗುತ್ತದೆ.

ಕದ್ದ ಮಾಲು ಗ್ರೀಕರ ದೇವರು ಜೀಯಸ್‌ನ ಹತ್ತಿರ ಸಿಗುತ್ತದೆ. ಇಲ್ಲುಯಂಕನ ಕಥೆಯ ಒಂದು ಪಾಠದಲ್ಲಿ ಮೊದಲು ಸೋಲುವವನು ದೇವರೇ. ಹಾವು ಅವನ ಹೃದಯ, ಕಣ್ಣು ಕಿತ್ತುಕೊಳ್ಳುತ್ತದೆ. ಆಮೇಲೆ ದೇವರ ಮಗ ಆ ಹಾವಿನ ಮಗಳನ್ನೇ ಮದುವೆಯಾಗಿ, ಮಾವನ ಮನೆಯಿಂದ ಅವನ್ನು ಕೇಳಿ ಪಡೆಯುತ್ತಾನೆ. ಗ್ರೀಕರ ಕಥೆಯಲ್ಲಿ ಟೈಫನ್ ಎಂಬ ಹಾವಿನ ಕಾಲಿನ ರಾಕ್ಷಸ ಜೀಯಸ್‌ನ ಕೈಕಾಲಿನ ನರಗಳನ್ನು ಕತ್ತರಿಸಿ ಬಚ್ಚಿಡುತ್ತಾನೆ. ಅವನ್ನು ಕದ್ದು ತರಬೇಕಾಗುತ್ತದೆ. ಈ ಜಗಳ ನಡೆಯುವುದು ಗ್ರೀಸಿನಲ್ಲಲ್ಲ. ಸಿರಿಯಾ ಟರ್ಕಿ ಗಡಿಯ ಕಾಸಿಯೋಸ್ ಬೆಟ್ಟದ ಹತ್ತಿರ. ಅದೇ ಬೆಟ್ಟ ಅದಕ್ಕಿಂತ ಎಷ್ಟೋ ಮುಂಚೆ ಸಿರಿಯಾದ ಉಗಾರಿತ್ ಎಂಬ ಹಳೇ ಪಟ್ಟಣದ ಜನರ ಗುಡುಗಿನ ದೇವರು ಬಾಲ್‌ನ ಮನೆ. ಬಾಲ್‌ಗೂ ಒಬ್ಬ ಕುಶಲಕರ್ಮಿ ದೇವರು ಎರಡು ಗದೆ ಮಾಡಿ, ಒಂದೊಂದಕ್ಕೂ ಹೆಸರಿಟ್ಟು ಕೊಡುತ್ತಾನೆ. ಗ್ರೀಕರು ಕಥೆ ತಂದರು, ಆದರೆ ಊರಿನ ಹೆಸರು ಅಳಿಸುವುದನ್ನು ಮರೆತರು. ಕಳ್ಳ ಸಿಕ್ಕಿಬೀಳುವುದು ಹೀಗೇ.

ಮೂರನೇ ಗುಂಪು ನನಗೆ ಎಲ್ಲಕ್ಕಿಂತ ಇಷ್ಟ. ನೈಜೀರಿಯಾದ ಯೊರುಬಾ ಜನರ ಶಾಂಗೋ ಕೈಯಲ್ಲಿ ಎರಡು ಬಾಯಿಯ ಕೊಡಲಿ. ಮಧ್ಯ ಅಮೆರಿಕದ ಮಾಯಾ ಜನರ ಚಾಕ್ ಕೈಯಲ್ಲೂ ಕೊಡಲಿ. ಇವರಿಗೆ ಇಂದ್ರನ ಸುದ್ದಿ ತಲುಪಿರಲು ಸಾಧ್ಯವೇ ಇಲ್ಲ. ಮತ್ತೆ ಕೊಡಲಿ ಎಲ್ಲಿಂದ ಬಂತು?

ಸಿಡಿಲು ಬಡಿದ ಮರವನ್ನು ಹತ್ತಿರ ನಿಂತು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಚಿಂತಾಮಣಿ ಹತ್ತಿರ ನಮ್ಮ ನೆಂಟರ ತೋಟದಲ್ಲಿ ಒಂದು ಹಳೇ ಮಾವಿನ ಮರ ಹೀಗಾಗಿತ್ತು. ಕೊಂಬೆಯಿಂದ ಬುಡದವರೆಗೆ ಅಂಗೈ ಅಗಲ ತೊಗಟೆ ಹಾರಿಹೋಗಿ, ಒಳಗಿನ ಬಿಳಿ ಮರ ಕಾಣುತ್ತಿತ್ತು. ತೊಗಟೆಯ ಚೂರು ಹತ್ತು ಮಾರು ದೂರ ಬಿದ್ದಿತ್ತು. ಮರದೊಳಗಿನ ರಸ ಒಂದೇ ಕ್ಷಣದಲ್ಲಿ ಹಬೆಯಾಗಿ ಸಿಡಿಯುವುದರಿಂದ ಹೀಗಾಗುತ್ತದೆ. ಆದರೆ ನೋಡುವವರಿಗೆ ಯಾರೋ ಮೇಲಿಂದ ಕೊಡಲಿಯಲ್ಲಿ ಸೀಳಿದ ಹಾಗೇ ಇರುತ್ತದೆ.

ಉಳಿದ ಅರ್ಧ ಉತ್ತರ ನೆಲದಲ್ಲಿದೆ. ಸಾವಿರಾರು ವರ್ಷದ ಹಿಂದೆ ಜನ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು ಹೊಲದ ಮಣ್ಣಿನಲ್ಲಿ ಹೂತಿರುತ್ತವೆ. ನಮ್ಮ ರಾಜ್ಯದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗಲೂ ಇಂಥವು ಸಿಕ್ಕಿವೆ. ಗುಡುಗು ಮಳೆ ಜೋರಾಗಿ ಬಂದು ಮೇಲ್ಮಣ್ಣು ಕೊಚ್ಚಿಹೋದರೆ ಮರುದಿನ ಕಲ್ಲು ಹೊರಗೆ ಕಾಣುತ್ತದೆ. ನಿನ್ನೆ ಇರಲಿಲ್ಲ, ಸಿಡಿಲು ಹೊಡೆಯಿತು, ಇವತ್ತು ಇದೆ. ಆಕಾಶದಿಂದಲೇ ಬಿತ್ತು ಅನ್ನದೆ ಇನ್ನೇನು ಅನ್ನುತ್ತಾರೆ? ಸಿಡಿಲು ಬಡಿದ ಮನೆಯಲ್ಲಿ ಶಾಂಗೋ ಪೂಜಾರಿಗಳು ಹುಡುಕುತ್ತಿದ್ದದ್ದು ಇಂಥ ಕಲ್ಲನ್ನೇ. ಯುರೋಪಿನ ರೈತರು ಇದೇ ಕಲ್ಲನ್ನು ಮನೆಗೆ ಸಿಡಿಲು ಹೊಡೆಯದಿರಲಿ ಅಂತ ಸೂರಿನಲ್ಲಿ ಸಿಕ್ಕಿಸುತ್ತಿದ್ದರು.

ಎಲ್ಲರೂ ಒಂದೇ ಅಚ್ಚು ಅಂತಲೂ ಅಲ್ಲ. ಜಪಾನಿನ ರೈಜಿನ್ ಕೊಡಲಿ ಹಿಡಿಯುವುದಿಲ್ಲ, ಸುತ್ತಲೂ ಡೋಲು ಇಟ್ಟುಕೊಂಡು ಬಾರಿಸುತ್ತಾನೆ. ಮೆಕ್ಸಿಕೋದ ಟ್ಲಾಲೋಕ್‌ಗೆ ಹಾವು ಶತ್ರುವಲ್ಲ, ಹಾವಿನಾಕಾರದ ಮಿಂಚೇ ಆಯುಧ. ಬಳುಕುತ್ತಾ ಇಳಿಯುವ ಮಿಂಚನ್ನು ನೋಡಿದರೆ ಅದೂ ಸರಿಯೇ ಅನ್ನಿಸುತ್ತದೆ.

ಇನ್ನು ಕೋಪ. ಗುಡುಗಿನ ದೇವರಿಗೆ ಲೆಕ್ಕಾಚಾರ ಕಡಿಮೆ, ಕೈ ಜೋರು. ಹೊಡೆಯುವವನೂ ಅವನೇ, ಹೊಲಕ್ಕೆ ನೀರು ಕೊಡುವವನೂ ಅವನೇ. ಹಾಗಾಗಿ ರೈತನಿಗೆ ಅವನ ಮೇಲೆ ಭಯವೂ ಇದೆ, ಸಲಿಗೆಯೂ ಇದೆ. ಆ ಸಲಿಗೆಯಿಂದಲೇ ಇರಬೇಕು, ಕಥೆ ಹೇಳುವವರು ಅವನನ್ನು ಪೂರ್ತಿ ಗೆಲ್ಲಲು ಬಿಡುವುದಿಲ್ಲ. ಥಾರ್ ಕೊನೆಯ ಯುದ್ಧದಲ್ಲಿ ಹಾವನ್ನು ಕೊಂದು ಒಂಬತ್ತು ಹೆಜ್ಜೆ ಇಟ್ಟು, ಅದರ ವಿಷಕ್ಕೆ ಬಿದ್ದು ಸಾಯುತ್ತಾನೆ. ಇಂದ್ರನ ಕಥೆ ಇನ್ನೂ ವಿಚಿತ್ರ. ಅದೇ 32ನೇ ಸೂಕ್ತದ ಕೊನೆಯ ಹತ್ತಿರ, ವೃತ್ರ ಸತ್ತು ಬಿದ್ದ ಮೇಲೆ, ಇಂದ್ರನಿಗೆ ಇದ್ದಕ್ಕಿದ್ದ ಹಾಗೆ ಹೆದರಿಕೆಯಾಗುತ್ತದೆ. ಯಾರನ್ನು ಕಂಡು ಹೆದರಿದೆ ಅಂತ ಕವಿ ಕೇಳುತ್ತಾನೆ, ಉತ್ತರ ಇಲ್ಲ. ಹೆದರಿದ ಗಿಡುಗದ ಹಾಗೆ ಅವನು ತೊಂಬತ್ತೊಂಬತ್ತು ನದಿ ದಾಟಿ ಓಡಿಹೋಗುತ್ತಾನೆ.

ನಿಮ್ಮಜ್ಜಿ ಗುಡುಗಿದಾಗ ಇಂದ್ರನನ್ನು ಬಿಟ್ಟು ಅವನ ಮಗ ಅರ್ಜುನನನ್ನು ಕರೆಯುತ್ತಾರೆ. ಅಪ್ಪನ ಕೈಯಲ್ಲಿ ವಜ್ರ ಇರುವಾಗ ಮಗನ ಹೆಸರು ಹೇಳುವುದೇ ವಾಸಿ.