ಟ್ರ್ಯಾಕ್ಟರ್ ಎಳೆಯುತ್ತದೆ ಎಂದಮೇಲೆ ಹೆಚ್ಚು ಹೇರಿದರೆ ತಪ್ಪೇನು?

ಓದುಗರ ಪ್ರಶ್ನೆ: ನನ್ನದು 45 ಎಚ್‌ಪಿ ಟ್ರ್ಯಾಕ್ಟರ್, ಎರಡು ಚಕ್ರದ ಟ್ರೈಲರ್. ಆರ್‌ಸಿಯಲ್ಲಿ ಟ್ರೈಲರ್‌ನ ಒಟ್ಟು ತೂಕ 5,000 ಕೆ.ಜಿ. ಎಂದಿದೆ. ಕಬ್ಬಿನ ಕಾಲದಲ್ಲಿ ಏಳೂವರೆ ಟನ್ ಹೇರಿದರೂ ಟ್ರ್ಯಾಕ್ಟರ್ ಸಲೀಸಾಗಿ ಎಳೆಯುತ್ತದೆ. ಹೀಗಿರುವಾಗ ಈ ಮಿತಿ ಯಾವ ಲೆಕ್ಕದ್ದು? ಟ್ರೈಲರ್‌ಗೆ ಪ್ರತ್ಯೇಕ ಬ್ರೇಕ್ ಹಾಕಿಸುವುದು ನಿಜಕ್ಕೂ ಅಗತ್ಯವೇ?

ಉತ್ತರ: ಟ್ರ್ಯಾಕ್ಟರ್ ಸಲೀಸಾಗಿ ಎಳೆಯುತ್ತದೆ ಎಂಬ ನಿಮ್ಮ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಖಾಲಿ ಟ್ರೈಲರ್ ಒಂದೂವರೆ ಟನ್ ತೂಗುತ್ತದೆ ಎಂದುಕೊಂಡರೆ, ಏಳೂವರೆ ಟನ್ ಕಬ್ಬು ಸೇರಿ ಅದರ ಒಟ್ಟು ತೂಕ ಒಂಬತ್ತು ಟನ್ ಆಗುತ್ತದೆ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಟೈರಿನ ಗಾಡಿಯನ್ನು ಉರುಳಿಸಿಕೊಂಡು ಹೋಗಲು ಅದರ ತೂಕದ ನೂರರಲ್ಲಿ ಎರಡು ಪಾಲಿನಷ್ಟು ಬಲ ಸಾಕು. ಅಂದರೆ ಒಂಬತ್ತು ಟನ್ನಿಗೆ ಸುಮಾರು 180 ಕೆ.ಜಿ. ಬಲ. ಎಂಜಿನ್‌ಗೆ ಇದು ಭಾರವೇ ಅಲ್ಲ. ಆದರೆ ಆರ್‌ಸಿಯಲ್ಲಿರುವ ಮಿತಿಯನ್ನು ಎಂಜಿನ್ನಿನ ಎಳೆಯುವ ಶಕ್ತಿಯಿಂದ ಅಳೆಯಲಾಗದು. ಆ ತೂಕವನ್ನು ಟ್ರೈಲರ್‌ನ ಅಚ್ಚು, ಟೈರು ಮತ್ತು ಕೊಂಡಿ ತಾಳಬೇಕು, ಚಾಲಕ ಅದನ್ನು ನಿಲ್ಲಿಸಬಲ್ಲವನಾಗಿರಬೇಕು. ನಿಲ್ಲಿಸುವ ವಿಷಯಕ್ಕೆ ಬಂದಾಗ ಲೆಕ್ಕ ಪೂರ್ತಿ ಬದಲಾಗುತ್ತದೆ.

ನಮ್ಮಲ್ಲಿ ಓಡಾಡುವ ಸಾಮಾನ್ಯ ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ಇಡೀ ಸರಂಜಾಮನ್ನು ತಡೆಯಬೇಕಾದದ್ದು ಆ ಎರಡೇ ಚಕ್ರಗಳು. ಅವು ಎಷ್ಟು ತಡೆಯಬಲ್ಲವು ಎಂಬುದು ಪೆಡಲನ್ನು ಎಷ್ಟು ಜೋರಾಗಿ ತುಳಿದಿರಿ ಎಂಬುದಕ್ಕಿಂತ ಆ ಚಕ್ರಗಳ ಮೇಲೆ ಎಷ್ಟು ಭಾರ ಕೂತಿದೆ, ರಸ್ತೆ ಎಷ್ಟು ಹಿಡಿತ ಕೊಡುತ್ತದೆ ಎಂಬುದನ್ನು ಅವಲಂಬಿಸಿದೆ. ಆ ಮಿತಿ ದಾಟಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ.

ನಿಮ್ಮ ಟ್ರ್ಯಾಕ್ಟರನ್ನೇ ಇಟ್ಟುಕೊಂಡು ಅಂದಾಜು ಲೆಕ್ಕ ಹಾಕೋಣ. ಚಾಲಕ ಸೇರಿ ಅದರ ತೂಕ 2,100 ಕೆ.ಜಿ., ಅದರಲ್ಲಿ 1,300 ಹಿಂದಿನ ಚಕ್ರಗಳ ಮೇಲೆ, 800 ಮುಂದಿನವುಗಳ ಮೇಲೆ ಇರಲಿ. ಒಣ ಡಾಂಬರಿನಲ್ಲಿ ಟೈರಿನ ಹಿಡಿತ ಅದರ ಮೇಲಿನ ಭಾರದ ನೂರಕ್ಕೆ 60 ಪಾಲು ಎಂದು ಹಿಡಿಯೋಣ. ಬರೀ ಟ್ರ್ಯಾಕ್ಟರ್ ಗಂಟೆಗೆ 25 ಕಿ.ಮೀ. ವೇಗದಲ್ಲಿದ್ದು ಬ್ರೇಕ್ ಹಿಡಿದಾಗ ಸುಮಾರು ಏಳು ಮೀಟರಿನಲ್ಲಿ ನಿಲ್ಲುತ್ತದೆ. ಆರ್‌ಸಿ ಪ್ರಕಾರ ತುಂಬಿದ 5,000 ಕೆ.ಜಿ. ಟ್ರೈಲರ್ ಹಿಂದಿದ್ದರೆ ಅದರ ಮೂತಿಯ ಒಂದಿಷ್ಟು ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಕೊಂಚ ಹೆಚ್ಚಿದರೂ ನಿಲ್ಲಲು 15 ಮೀಟರ್ ಬೇಕು. ನೀವು ಹೇರುವ ಒಂಬತ್ತು ಟನ್ನಿಗೆ 21 ಮೀಟರ್. ಅಪಾಯ ಕಂಡು ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಗಾಡಿ ಸಾಗುವ ಏಳು ಮೀಟರನ್ನು ಈ ಮೂರಕ್ಕೂ ಸೇರಿಸಿಕೊಳ್ಳಬೇಕು.

ಇಷ್ಟೇ ಆಗಿದ್ದರೆ ನಿಧಾನವಾಗಿ ಹೋಗುತ್ತೇನೆ ಎಂದು ನೀವು ಹೇಳಬಹುದಿತ್ತು. ಆದರೆ ನೂರು ಮೀಟರಿಗೆ ಆರು ಮೀಟರ್ ಇಳಿಯುವ, ಅಂದರೆ ಕಣ್ಣಿಗೆ ಅಷ್ಟೇನೂ ಕಡಿದಾಗಿ ಕಾಣದ ಇಳಿಜಾರಿನಲ್ಲಿ ಇದೇ ಒಂಬತ್ತು ಟನ್ನಿಗೆ ಒಣ ರಸ್ತೆಯಲ್ಲೂ 42 ಮೀಟರ್ ಬೇಕಾಗುತ್ತದೆ. ಗದ್ದೆಯ ಕೆಸರು ಮೆತ್ತಿದ ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಅರ್ಧಕ್ಕೆ ಇಳಿದರೆ, ಆ ಎರಡು ಚಕ್ರಗಳು ಕೊಡಬಲ್ಲ ತಡೆ ಸುಮಾರು 650 ಕೆ.ಜಿ.; ಇಳಿಜಾರು ಕೆಳಕ್ಕೆ ಎಳೆಯುವ ಬಲ 660 ಕೆ.ಜಿ. ದಾಟುತ್ತದೆ. ಅಂದರೆ ಚಕ್ರ ಪೂರ್ತಿ ಬಿಗಿಹಿಡಿದು ನಿಂತರೂ ಗಾಡಿ ನಿಲ್ಲುವುದಿಲ್ಲ, ವೇಗ ಎಷ್ಟೇ ಕಡಿಮೆಯಿದ್ದರೂ ನಿಲ್ಲುವುದಿಲ್ಲ. ಮಿತಿಯೊಳಗೆ ಹೇರಿದ ಟ್ರೈಲರ್ ಕೂಡ ಅಂಥ ಜಾಗದಲ್ಲಿ ನೂರು ಮೀಟರಿಗೂ ಹೆಚ್ಚು ಜಾರಿಯೇ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು; ಆರ್‌ಸಿಯ ಮಿತಿ ಪಾಲಿಸಿದ ಮಾತ್ರಕ್ಕೆ ಎಲ್ಲ ರಸ್ತೆಯೂ ಸುರಕ್ಷಿತವಾಗುವುದಿಲ್ಲ.

ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯಬೇಕೆಂಬ ಮಾತನ್ನು ಎಲ್ಲರೂ ಬಲ್ಲರು. ಇಳಿಯಲು ಶುರು ಮಾಡುವ ಮೊದಲೇ ಗೇರ್ ಹಾಕಿಕೊಳ್ಳಬೇಕು, ನಡುವೆ ಕ್ಲಚ್ ತುಳಿಯಬಾರದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದಂತೂ ಪ್ರಾಣದ ಜೊತೆಗಿನ ಜೂಜು. ಆದರೆ ಎಂಜಿನ್ನಿನ ತಡೆಯೂ ಅವೇ ಹಿಂದಿನ ಚಕ್ರಗಳ ಮೂಲಕವೇ ರಸ್ತೆಗೆ ತಲುಪಬೇಕು. ಅದು ವೇಗ ಏರದಂತೆ, ಬ್ರೇಕ್ ಕಾಯದಂತೆ ನೋಡಿಕೊಳ್ಳುತ್ತದೆಯೇ ಹೊರತು ಟೈರಿಗೆ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಹಿಡಿತ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಮುಂದಿನ ಟ್ರ್ಯಾಕ್ಟರ್ ನಿಧಾನಿಸುತ್ತದೆ, ಹಿಂದಿನ ಒಂಬತ್ತು ಟನ್ ನಿಧಾನಿಸುವುದಿಲ್ಲ. ಅದು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಬೆನ್ನನ್ನು ತಳ್ಳುತ್ತದೆ. ಎರಡೂ ನೇರ ಸಾಲಿನಲ್ಲಿದ್ದರೆ ಜಾರುವುದಷ್ಟೇ. ಸ್ವಲ್ಪ ತಿರುವಿನಲ್ಲಿದ್ದರೆ ಆ ತಳ್ಳುವಿಕೆ ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ಒಯ್ಯುತ್ತದೆ, ಟ್ರ್ಯಾಕ್ಟರ್ ಮಡಚಿಕೊಂಡು ಟ್ರೈಲರ್‌ಗೆ ಅಡ್ಡ ನಿಲ್ಲುತ್ತದೆ ಅಥವಾ ಮಗುಚುತ್ತದೆ. ಹೊಲದಲ್ಲಿ ಚುರುಕಾಗಿ ತಿರುಗಿಸಲು ಎಡ ಮತ್ತು ಬಲ ಬ್ರೇಕ್ ಪೆಡಲ್‌ಗಳನ್ನು ಬಿಡಿಸಿಟ್ಟು, ಆಮೇಲೆ ಅವನ್ನು ಜೋಡಿಸುವ ಲಾಕ್ ಹಾಕದೆ ರಸ್ತೆಗೆ ಇಳಿದವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಗಾಬರಿಯಲ್ಲಿ ಒಂದೇ ಪೆಡಲ್ ತುಳಿದರೆ ಒಂದೇ ಚಕ್ರ ನಿಂತು ಟ್ರ್ಯಾಕ್ಟರ್ ಆ ಕಡೆಗೆ ತಿರುಗಿಬಿಡುತ್ತದೆ. ಪೆಡಲ್ ಜೋಡಿಸಿದ ಮೇಲೂ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಹಿಡಿದು, ಟ್ರ್ಯಾಕ್ಟರ್ ಒಂದು ಬದಿಗೆ ಎಳೆಯುತ್ತದೆಯೇ ಎಂದು ನೋಡುವುದು ಒಳ್ಳೆಯದು. ಎಳೆದರೆ ಎರಡು ಬದಿಯ ಬ್ರೇಕ್ ಸಮನಾಗಿಲ್ಲ ಎಂದರ್ಥ.

ತೂಕ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡು ಚಕ್ರದ ಟ್ರೈಲರ್‌ನಲ್ಲಿ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಭಾರ ಕೊಂಡಿಯ ಮೇಲೆ ಕೆಳಮುಖವಾಗಿ ಬೀಳುವಂತೆ ಹೇರಿದರೆ ಸರಿಯಾದೀತು. ಕಬ್ಬಿನ ಹೊರೆಗಳನ್ನು ಹಿಂದಕ್ಕೆ ಚಾಚಿ ಹೇರಿ ಭಾರ ಅಚ್ಚಿನ ಹಿಂದೆ ಹೋದರೆ ಟ್ರೈಲರ್‌ನ ಮೂತಿ ಮೇಲೇಳಲು ನೋಡುತ್ತದೆ. ಆಗ ಬ್ರೇಕ್ ಇರುವ ಚಕ್ರಗಳ ಮೇಲಿನ ಭಾರವೇ ಕಡಿಮೆಯಾಗುತ್ತದೆ, ವೇಗ ಹೆಚ್ಚಿದಂತೆ ಟ್ರೈಲರ್ ಅತ್ತಿತ್ತ ತೂಗಲು ಶುರುವಾಗುತ್ತದೆ. ತೂಗಾಟ ಕಂಡರೆ ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಬೇಕು; ಗಬಕ್ಕನೆ ಬ್ರೇಕ್ ಹಿಡಿಯುವುದು, ಸ್ಟೀರಿಂಗ್ ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋಗುವುದು ತೂಗಾಟವನ್ನು ಹೆಚ್ಚಿಸುತ್ತವೆ. ಇದಕ್ಕೆ ಹೆದರಿ ಎಲ್ಲ ಭಾರವನ್ನು ಮುಂದಕ್ಕೆ ತಂದರೂ ಸರಿಯಲ್ಲ. ಒಂಬತ್ತು ಟನ್ನಿನ ಐದನೇ ಒಂದು ಭಾಗ ಕೊಂಡಿಯ ಮೇಲೆ ಬಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲಿನ 800 ಕೆ.ಜಿ. ಭಾರ ಸುಮಾರು 330ಕ್ಕೆ ಇಳಿಯುತ್ತದೆ. ಏರಿನಲ್ಲಿ ಸ್ಟೀರಿಂಗ್ ಹಗುರಾಗಿ, ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುವುದು ಇದರ ಮೊದಲ ಸೂಚನೆ.

ಕೊಂಡಿಯನ್ನು ತಯಾರಕರು ಕೊಟ್ಟ ಜಾಗದಲ್ಲೇ, ಹಿಂದಿನ ಅಚ್ಚಿಗಿಂತ ಕೆಳಗೆ ಹಾಕಬೇಕು. ಮೇಲೆ ಕಟ್ಟಿ ಎಳೆದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುವುದುಂಟು, ಅದು ನಡೆಯುವ ವೇಗಕ್ಕೆ ಚಾಲಕ ಕ್ಲಚ್ ತುಳಿಯಲೂ ಸಮಯವಿರುವುದಿಲ್ಲ. ಕೊಂಡಿಯ ಪಿನ್ನಿನ ಜಾಗಕ್ಕೆ ಕಂಬಿಯ ತುಂಡನ್ನೋ ಬೋಲ್ಟನ್ನೋ ಹಾಕುವ ಪದ್ಧತಿ ಬಿಡಬೇಕು. ಸರಿಯಾದ ದಪ್ಪದ ಪಿನ್ನು, ಅದು ಮೇಲೆ ಜಿಗಿಯದಂತೆ ಕೆಳಗೆ ಒಂದು ಕ್ಲಿಪ್ಪು, ಪಿನ್ನು ಮುರಿದರೂ ಟ್ರೈಲರ್ ಬೇರೆಯಾಗದಂತೆ ಒಂದು ಸರಪಳಿ ಇರಬೇಕು. ಹೊರಡುವಾಗ, ನಿಲ್ಲುವಾಗ ಕೊಂಡಿಯಲ್ಲಿ ಕಟಕ್ ಎಂಬ ಸದ್ದು ಜೋರಾಗಿ ಬರುತ್ತಿದ್ದರೆ ಪಿನ್ನು ಕಳಚಿ ತೂತು ನೋಡಿ. ದುಂಡಗಿನ ತೂತು ಸವೆದು ಉದ್ದವಾಗಿದ್ದರೆ ಪ್ರತಿ ಸಲವೂ ಇಡೀ ಭಾರ ಅಷ್ಟು ಜಾಗ ಓಡಿಬಂದು ಪಿನ್ನಿಗೆ ಬಡಿಯುತ್ತಿರುತ್ತದೆ.

ಇನ್ನು ಕಾನೂನು. ಮೋಟಾರು ವಾಹನಗಳ ಕಾಯ್ದೆ 1988ರ 113ನೇ ಸೆಕ್ಷನ್ ಪ್ರಕಾರ ಟ್ರೈಲರ್ ಸಹಿತ ಯಾವ ವಾಹನವನ್ನೂ ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕ ಮೀರಿ ಓಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ 194ನೇ ಸೆಕ್ಷನ್ ಅಡಿ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ನಿಮ್ಮ ಒಂಬತ್ತು ಟನ್ನಿನಲ್ಲಿ ನಾಲ್ಕು ಟನ್ ಹೆಚ್ಚುವರಿ, ಅಂದರೆ ಕಾಯ್ದೆಯ ಲೆಕ್ಕಕ್ಕೆ 28,000 ರೂಪಾಯಿ, ಮೇಲಾಗಿ ಹೆಚ್ಚಿನ ಹೊರೆ ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ಮಿತಿ ಮೀರಿ ಪಕ್ಕಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಚಾಚಿದ ಹೊರೆಗೆ ಅದೇ ಸೆಕ್ಷನ್ನಿನಲ್ಲಿ ಬೇರೆಯದೇ 20,000 ದಂಡವಿದೆ. ಕಬ್ಬಿನವರು ಇದನ್ನು ಗಮನಿಸುವುದೇ ಕಡಿಮೆ. ಟ್ರೈಲರ್‌ಗೆ ತನ್ನದೇ ನೋಂದಣಿ ಬೇಕು, ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಅದರ ಮೇಲೆ ಕಾಣಬೇಕು ಎಂದು 61ನೇ ಸೆಕ್ಷನ್ ಹೇಳುತ್ತದೆ.

ಟ್ರೈಲರ್ ಬ್ರೇಕ್ ಅಗತ್ಯವೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ, ಹೌದು, ಅಗತ್ಯ. ಐದು ಟನ್ನಿನ ಟ್ರೈಲರ್‌ನಲ್ಲಿ ನಾಲ್ಕೂವರೆ ಟನ್ ಅದರ ಸ್ವಂತ ಚಕ್ರಗಳ ಮೇಲಿರುತ್ತದೆ, ಆ ಹಿಡಿತವೆಲ್ಲ ಈಗ ವ್ಯರ್ಥವಾಗುತ್ತಿದೆ. ಅದರಲ್ಲಿ ಅರ್ಧದಷ್ಟನ್ನು ಬ್ರೇಕ್ ಬಳಸಿಕೊಂಡರೂ ಒಣ ಸಮತಟ್ಟಿನಲ್ಲಿ 15 ಮೀಟರ್ ಇದ್ದದ್ದು ಏಳು ಮೀಟರಿಗೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಖಾಲಿ ಟ್ರ್ಯಾಕ್ಟರಿನಷ್ಟು. ನಾಲ್ಕು ಚಕ್ರದ ಟ್ರೈಲರ್ ಕೊಂಡರೆ ಈ ತೊಂದರೆ ಇರುವುದಿಲ್ಲ ಎಂದು ಕೆಲವರು ನಂಬುತ್ತಾರೆ. ವಾಸ್ತವವಾಗಿ ಅದು ಕೊಂಡಿಯ ಮೇಲೆ ಭಾರ ಹಾಕುವುದಿಲ್ಲವಾದ್ದರಿಂದ ಬ್ರೇಕ್ ಇಲ್ಲದ ನಾಲ್ಕು ಚಕ್ರದ್ದನ್ನು ನಿಲ್ಲಿಸುವುದು ಇನ್ನೂ ಕಷ್ಟ, ಹಿಂದೆ ಎರಡನೆಯ ಟ್ರೈಲರ್ ಕಟ್ಟಿದರಂತೂ ತಳ್ಳುವ ಬಲ ಎರಡು ಪಟ್ಟಾಗುತ್ತದೆ. ಬ್ರೇಕ್ ಹಾಕಿಸುವ ಮೊದಲು ಟ್ರ್ಯಾಕ್ಟರಿನಲ್ಲಿ ಟ್ರೈಲರ್ ಬ್ರೇಕಿಗೆ ಗಾಳಿಯ ಅಥವಾ ಹೈಡ್ರಾಲಿಕ್ ಸಂಪರ್ಕ ಕೊಡಲು ಸಾಧ್ಯವೇ ಎಂದು ತಯಾರಕರ ಡೀಲರ್ ಬಳಿ ವಿಚಾರಿಸಿ. ಸಾಧ್ಯವಿಲ್ಲದಿದ್ದರೆ, ಟ್ರೈಲರ್ ಮುಂದಕ್ಕೆ ತಳ್ಳಿದಾಗ ಆ ಒತ್ತಡದಿಂದಲೇ ಹಿಡಿಯುವ ಬಗೆಯ ಬ್ರೇಕ್ ಇದೆ. ಅದು ರಿವರ್ಸ್ ತೆಗೆಯುವಾಗಲೂ ಹಿಡಿದುಬಿಡುವುದರಿಂದ, ಆಗ ಅದನ್ನು ತಡೆದಿಡುವ ಲಾಕ್ ಇರುವುದನ್ನೇ ಕೇಳಿ ಹಾಕಿಸಿ, ಮತ್ತೆ ರಸ್ತೆಗೆ ಇಳಿಯುವ ಮುನ್ನ ಆ ಲಾಕ್ ತೆಗೆದಿದ್ದೀರೋ ಇಲ್ಲವೋ ಇಳಿದು ನೋಡಿ.